24 ಬ್ಯಾಗು ಅಂದ್ರೆ 72 ಫೋಟೋನಾ, 216 ಫೋಟೋನಾ? ಅಂಗಡಿಗೆ ಬರೆದ ಕೊಟೇಶನ್ ನೋಡಿ ಹೇಳಿ

ಚಿತ್ರಕೆಲಸ

ಎಲ್ಲರಿಗೂ ನಮಸ್ಕಾರ. ನಾನು ಸ್ವಂತವಾಗಿ ಪ್ರಾಡಕ್ಟ್ ಫೋಟೋ ತೆಗೆಯುವ ಕೆಲಸ ಮಾಡುತ್ತೇನೆ. ಒಂದು ಸಣ್ಣ ಬ್ಯಾಗಿನ ಅಂಗಡಿಯವರು ಕೊಟೇಶನ್ ಕೇಳಿದ್ದಾರೆ. ಅವರ ಹತ್ತಿರ 24 ಡಿಸೈನ್ ಇವೆ. ಅದರಲ್ಲಿ 6 ಡಿಸೈನ್ ಮೂರು ಮೂರು ಬಣ್ಣದಲ್ಲಿ ಬರುತ್ತವೆ. ಉಳಿದ 18 ಒಂದೇ ಬಣ್ಣ. ನಾನು ಕಳಿಸಿದ ಪತ್ರದ ಮುಖ್ಯ ಭಾಗ ಇಷ್ಟೇ:

> ತಮ್ಮ 24 ಬ್ಯಾಗ್‌ಗಳ ಫೋಟೋ, ಪ್ರತಿಯೊಂದಕ್ಕೂ 3 ಆ್ಯಂಗಲ್. ಎಡಿಟಿಂಗ್ ಸೇರಿದೆ. 2 ಸುತ್ತು ತಿದ್ದುಪಡಿ ಉಚಿತ. ಪೂರ್ತಿ ವಾಣಿಜ್ಯ ಬಳಕೆಯ ಹಕ್ಕು ನಿಮ್ಮದು.

ಅದರ ಕೆಳಗೆ ಒಟ್ಟು ಮೊತ್ತ. ಯಜಮಾನರು ಓದಿ ಖುಷಿಯಿಂದಲೇ ಉತ್ತರ ಕಳಿಸಿದ್ದಾರೆ: "ಎಲ್ಲಾ ಬಣ್ಣಾನೂ ಸೇರಿ ತಾನೇ? ಚೌಕದ್ದು, ಉದ್ದದ್ದು ಎರಡೂ ಬೇಕು. ತೆಗೆದ ಫೋಟೋ ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಕೊಡಿ. ಬ್ಯಾಗ್ ಹೊಲಿದುಕೊಡುವವರೂ ಒಂದು ಸೆಟ್ ಕೇಳ್ತಿದ್ದಾರೆ, ಕೊಡಬಹುದಲ್ವಾ?"

ನನ್ನ ಲೆಕ್ಕ 72 ಫೋಟೋ. ಅವರ ಲೆಕ್ಕ ಎಷ್ಟು ಅಂತ ಈಗ ನನಗೇ ಗೊತ್ತಿಲ್ಲ. ಯಾರೂ ಇನ್ನೂ ಸಹಿ ಹಾಕಿಲ್ಲ, ಮುಂಗಡವೂ ಬಂದಿಲ್ಲ, ಹಾಗಾಗಿ ಪತ್ರ ತಿದ್ದಬಹುದು. ಆದರೆ ವಕೀಲರ ನೋಟಿಸ್ ಥರ ಆಗಬಾರದು. ಅವರು ಒಳ್ಳೆಯವರು, ಸುಮ್ನೆ ಹೆದರಿಸೋದು ಬೇಡ. ಹೇಗೆ ಬರೆಯಲಿ?

ಪಿಕ್ಸೆಲ್_ಪ್ರಿಯ

ಮೇಡಂ, ಪೆನ್‌ಡ್ರೈವ್‌ನಲ್ಲೇ ಕೊಡಿ, ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಸಣ್ಣದಾಗಿ ಹೋಗುತ್ತೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಮತ್ತೆ ಎಲ್ಲಾ ಫೋಟೋನೂ 300 ಡಿಪಿಐ ಇರಲಿ. ಅದೊಂದು ಬರೆದರೆ ಯಾರೂ ತಕರಾರು ಮಾಡಲ್ಲ.

ಚಿತ್ರಕೆಲಸ

ಥ್ಯಾಂಕ್ಸ್ ಸಾರ್. ಆದರೆ ನನ್ನ ಪ್ರಶ್ನೆ ಕಳಿಸೋದು ಹೇಗೆ ಅಂತಲ್ಲ. ಎಷ್ಟು ಫೋಟೋ ಅಂತ ಪತ್ರದಲ್ಲಿ ಹೇಗೆ ಬರೆಯೋದು ಅಂತ.

ಹಳೇ_ಸ್ಟುಡಿಯೋ

ಮೊದಲು ಅವರ ಲೆಕ್ಕ ಮಾಡೋಣ. ಅವರ ಕಣ್ಣಲ್ಲಿ ಕೆಂಪು ಬ್ಯಾಗು ಬೇರೆ, ಕಪ್ಪು ಬ್ಯಾಗು ಬೇರೆ. ಅಂಗಡಿಯ ರ‍್ಯಾಕಿನಲ್ಲಿ ಅವು ಬೇರೆ ಬೇರೆ ಸಾಮಾನೇ. 18 ಒಂದೇ ಬಣ್ಣದವು, ಜೊತೆಗೆ 6 ಡಿಸೈನ್ ಮೂರು ಬಣ್ಣದಲ್ಲಿ ಅಂದರೆ 18. ಒಟ್ಟು 36. ಮೂರು ಆ್ಯಂಗಲ್ ಅಂದರೆ 108. ಚೌಕ, ಉದ್ದ ಎರಡೂ ಅಂದರೆ 216 ಫೈಲು. ನಿಮ್ಮ ಮೊತ್ತ ನಿಂತಿರೋದು 72ರ ಮೇಲೆ. ಅವರು ಮೋಸ ಮಾಡ್ತಿಲ್ಲ. ನೀವು ಬರೆದ ಸಾಲನ್ನು ಹಾಗೂ ಓದಬಹುದು, ಹೀಗೂ ಓದಬಹುದು, ಅಷ್ಟೇ.

ನಾನು ಕೊಟೇಶನ್ನಿನಲ್ಲಿ ಯಾವತ್ತೂ ಮೂರು ಮಾತು ಬೇರೆ ಬೇರೆ ಬರೆಯುತ್ತೇನೆ. ಎಷ್ಟು ಬ್ಯಾಗು, ಒಂದೊಂದಕ್ಕೆ ಎಷ್ಟು ಫ್ರೇಮು, ಒಂದೊಂದು ಫ್ರೇಮಿಗೆ ಎಷ್ಟು ಫೈಲು. ಕೊನೆಗೆ ಗುಣಿಸಿ, ಕೂಡಿಸಿ, ಒಟ್ಟು ಸಂಖ್ಯೆಯನ್ನೂ ನಾನೇ ಬರೆಯುತ್ತೇನೆ. ಗುಣಾಕಾರ ಗಿರಾಕಿಗೆ ಬಿಡಬಾರದು.

ಇವರ ಕೇಸಲ್ಲಿ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: 24 ಡಿಸೈನಿಗೂ ಒಂದೊಂದು ಬಣ್ಣದಲ್ಲಿ ಮುಂದೆ, ಹಿಂದೆ, ಒಳಗೆ ಮೂರು ಫ್ರೇಮ್, ಅದು 72. ಬೇರೆ ಬಣ್ಣಗಳಿಗೆ ಮುಂದಿನದ್ದು ಮಾತ್ರ. 6 ಡಿಸೈನ್, ತಲಾ 2 ಬಣ್ಣ, ಅದು 12. ಒಳಗಿನ ಜೇಬು ಕೆಂಪು ಬ್ಯಾಗಿನಲ್ಲೂ ಅದೇ, ಕಪ್ಪಿನಲ್ಲೂ ಅದೇ. ಅದನ್ನು ಮತ್ತೆ ತೆಗೆದು ಯಾರಿಗೆ ಲಾಭ? ಬಣ್ಣಕ್ಕೆ ತಕ್ಕಂತೆ ಒಳಬಟ್ಟೆಯೂ ಬದಲಾಗುತ್ತದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಹೆಗಲಿಗೆ ಹಾಕಿಕೊಂಡ ಹಾಗೆ 4 ಚಿತ್ರ ಬೇಕಾಗಬಹುದು, ಅಳತೆ ಗೊತ್ತಾಗೋದೇ ಅದರಲ್ಲಿ. ಒಟ್ಟು 88.

ಹೀಗೆ ಬಿಡಿಸಿ ಬರೆದರೆ ಅವರೇ "4 ಬೇಡ, 2 ಸಾಕು" ಅಂತಾರೆ. ಚೌಕಾಸಿ ದರದ ಮೇಲೆ ನಡೆಯೋದು ಬಿಟ್ಟು ಸಂಖ್ಯೆಯ ಮೇಲೆ ನಡೆಯುತ್ತದೆ. ಅದು ಇಬ್ಬರಿಗೂ ಒಳ್ಳೆಯದು.

ನೇರಮಾತು

ಇಷ್ಟೆಲ್ಲಾ ತಲೆನೋವು ಯಾಕೆ? ಒಂದು ಬಣ್ಣದಲ್ಲಿ ತೆಗೆದು ಉಳಿದದ್ದು ಕಂಪ್ಯೂಟರಿನಲ್ಲಿ ಬಣ್ಣ ಬದಲಾಯಿಸಿ. 12 ಫೋಟೋ ಉಳೀತು.

ಹಳೇ_ಸ್ಟುಡಿಯೋ

ಸಾದಾ ಬಟ್ಟೆಯ ಬ್ಯಾಗಾದರೆ ಆಗಬಹುದು. ಚರ್ಮ ಅಥವಾ ಹೊಳಪಿನ ರೆಕ್ಸಿನ್ ಆದರೆ ಕಷ್ಟ. ತಿಳಿ ಬಣ್ಣದ ಚರ್ಮದಲ್ಲಿ ಮಡಿಕೆ ಗಾಢವಾಗಿ ಕಾಣುತ್ತದೆ. ಕಪ್ಪು ಚರ್ಮದಲ್ಲಿ ಮಡಿಕೆ ಕಾಣೋದೇ ಅದರ ಮೇಲೆ ಬಿದ್ದ ಹೊಳಪಿನಿಂದ. ಕಂದು ಬ್ಯಾಗಿಗೆ ಕಪ್ಪು ಬಣ್ಣ ಹಾಕಿದರೆ ಆ ಹೊಳಪು ಸುಳ್ಳು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ದಾರ ಬೇರೆ ಬಣ್ಣದಲ್ಲಿದ್ದರೆ ಹೊಲಿಗೆಯ ಒಂದೊಂದು ಟಾಕೂ ಬೇರೆ ಮಾಡಬೇಕು. ಲೈಟ್ ಸೆಟ್ ಆಗಿರುವಾಗ ಇನ್ನೊಂದು ಬ್ಯಾಗ್ ಅದೇ ಜಾಗದಲ್ಲಿಟ್ಟು ಕ್ಲಿಕ್ ಮಾಡೋದು ಅದಕ್ಕಿಂತ ಬೇಗ. ಮುಖ್ಯ ಏನಂದ್ರೆ, ಕೊಳ್ಳುವವರ ಕೈಗೆ ಬೇರೆ ಬಣ್ಣ ಸಿಕ್ಕಿ ವಾಪಸ್ ಬಂದರೆ ಹೊಡೆತ ಅಂಗಡಿಗೆ.

ಚಿತ್ರಕೆಲಸ

ಚರ್ಮದ್ದೇ ಜಾಸ್ತಿ ಇವೆ, ತೆಗೆದುಬಿಡ್ತೀನಿ. ಚೌಕ, ಉದ್ದದ ವಿಷಯ? ಅದೇ ಫೋಟೋ ಕ್ರಾಪ್ ಮಾಡೋದಕ್ಕೆ ದುಡ್ಡು ಕೇಳಿದರೆ ಬೇಜಾರಾಗ್ತಾರೇನೋ.

ಹಳೇ_ಸ್ಟುಡಿಯೋ

ಅದು ನೀವು ತೆಗೆಯುವಾಗ ಎಷ್ಟು ಜಾಗ ಬಿಟ್ಟಿದ್ದೀರಿ ಅನ್ನೋದರ ಮೇಲಿದೆ. 6000 × 4000 ಪಿಕ್ಸೆಲ್ ಫ್ರೇಮಿನಲ್ಲಿ ಬ್ಯಾಗನ್ನು ನಡುವೆ ಇಟ್ಟು, ಮೇಲೆ ಕೆಳಗೆ ಜಾಗ ಬಿಟ್ಟು ತೆಗೆದರೆ 4000 × 4000ರ ಚೌಕವೂ ಬರುತ್ತೆ, 3200 × 4000ರ ನಿಂತ ಆಕಾರವೂ ಬರುತ್ತೆ. ವೆಬ್‌ಸೈಟಿಗೆ 2000 ಪಿಕ್ಸೆಲ್ ಧಾರಾಳ ಸಾಕು. ಆಗ ಎರಡನೇ ಆಕಾರ ಒಂದು ಬ್ಯಾಚ್ ಕೆಲಸ, ಸೇರಿಸಿಯೇ ಕೊಡಿ.

ಆದರೆ ಫ್ರೇಮ್ ತುಂಬಾ ಬ್ಯಾಗ್ ತುಂಬಿಸಿ ತೆಗೆದ ಮೇಲೆ "ಈಗ ಅಗಲದ ಬ್ಯಾನರ್ ಮಾಡಿಕೊಡಿ" ಅಂದರೆ ಹಿನ್ನೆಲೆಯನ್ನು ಎರಡೂ ಕಡೆ ಎಳೆದು ಕೂರಿಸಬೇಕು. ಅದು ಹೊಸ ಕೆಲಸ. ಅದಕ್ಕೇ ಆಕಾರಗಳ ಹೆಸರು ಶೂಟಿಗೆ ಮೊದಲೇ ಪತ್ರದಲ್ಲಿರಬೇಕು. "ಪ್ರತಿ ಚಿತ್ರವೂ ಎರಡು ಆಕಾರದಲ್ಲಿ, ಚೌಕ ಮತ್ತು 4:5" ಅಂತ ಬರೆಯಿರಿ. 88 ಚಿತ್ರ, 176 ಫೈಲು. ಎರಡೂ ಸಂಖ್ಯೆ ಪತ್ರದಲ್ಲಿ ಕಾಣಲಿ.

ಪಿಕ್ಸೆಲ್_ಪ್ರಿಯ ಅವರೇ, 300 ಡಿಪಿಐ ಅಂತ ಬರೆದರೆ ಏನೂ ಹೇಳಿದ ಹಾಗಾಗಲ್ಲ. 2000 ಪಿಕ್ಸೆಲ್ ಫೈಲಿಗೆ 300 ಅಂತ ಹಾಕಿದರೆ ಪ್ರಿಂಟಿನಲ್ಲಿ 17 ಸೆಂಟಿಮೀಟರಿಗಿಂತ ಸ್ವಲ್ಪ ಕಮ್ಮಿ ಬರುತ್ತೆ, ಅಷ್ಟೇ. ಅಂಗಡಿಯವರು ಅದನ್ನೇ ಗೋಡೆಯಷ್ಟು ದೊಡ್ಡ ಪೋಸ್ಟರಿಗೆ ಕೊಟ್ಟು, ಹತ್ತಿರದಿಂದ ನೋಡಿ, ಮಬ್ಬಾಗಿದೆ ಅಂತ ನಿಮ್ಮ ಹತ್ತಿರ ಬರ್ತಾರೆ. ಪಿಕ್ಸೆಲ್ ಎಷ್ಟು ಅಂತ ಬರೆಯಿರಿ. ಪ್ರಿಂಟ್ ಬೇಕಾದ ನಾಲ್ಕೈದು ಚಿತ್ರ ಯಾವುದು ಅಂತ ಕೇಳಿ, ಅವನ್ನು ಪೂರ್ತಿ ಅಳತೆಯಲ್ಲಿ ಕೊಡಿ.

ಅಂಗಡಿ_ಯಜಮಾನಿ

ನಾನು ಆ ಕಡೆಯವಳು, ಮಕ್ಕಳ ಬಟ್ಟೆ ಅಂಗಡಿ ಇಟ್ಟಿದ್ದೇನೆ. ತೆಗೆದ ಫೋಟೋ ಎಲ್ಲಾ ಕೊಡೋಕೆ ನಿಮಗೇನು ಕಷ್ಟ ಅಂತ ನನಗೂ ಅರ್ಥ ಆಗಲ್ಲ. ಹೇಗಿದ್ದರೂ ತೆಗೆದಿದ್ದೀರಿ. ನಾವು ದುಡ್ಡು ಕೊಟ್ಟಿದ್ದೀವಿ. ನೀವು ಬೇಡ ಅಂತ ಬಿಟ್ಟದ್ದರಲ್ಲಿ ನಮಗೆ ಇಷ್ಟವಾಗೋದು ಇರಬಹುದಲ್ವಾ?

ಹಳೇ_ಸ್ಟುಡಿಯೋ

ನ್ಯಾಯವಾದ ಪ್ರಶ್ನೆ ಅಕ್ಕಾ. ಬಿಟ್ಟದ್ದರಲ್ಲಿ ಏನಿರುತ್ತೆ ಹೇಳ್ತೀನಿ. ಲೈಟ್ ನೋಡೋಕೆ ಹೊಡೆದವು, ಬ್ಯಾಗ್ ಬಾಗಿ ಬಿದ್ದವು, ಹಿಡಿಯನ್ನು ಮೇಲೆ ಎಳೆದು ನಿಲ್ಲಿಸಿದ ನೈಲಾನ್ ದಾರ ಕಾಣೋವು. ಇನ್ನೊಂದಿಷ್ಟು, ಒಂದೇ ಚಿತ್ರಕ್ಕೆ ಅಂತ ತೆಗೆದ ತುಂಡುಗಳು. ಮುಂದಿನ ಬಕಲ್ ಸ್ಪಷ್ಟ ಇರೋದು ಒಂದು, ಹಿಂದಿನ ಪಟ್ಟಿ ಸ್ಪಷ್ಟ ಇರೋದು ಒಂದು, ಹೀಗೆ ನಾಲ್ಕಾರು ಸೇರಿಸಿ ಒಂದು ಚಿತ್ರ ಮಾಡುತ್ತೇವೆ. ಬಿಡಿಯಾಗಿ ನೋಡಿದರೆ ಒಂದೊಂದೂ ಅರ್ಧ ಮಬ್ಬು. ಅದು ನಿಮ್ಮ ಪೇಜಿನಲ್ಲಿ ಹೋದರೆ ನಿಮಗೂ ಚೆಂದ ಅಲ್ಲ, ತೆಗೆದವರಿಗೂ ಅಲ್ಲ.

ಆದರೆ "ಆಯ್ಕೆ ನಮಗೂ ಬೇಕು" ಅನ್ನೋದು ಸರಿ. ಅದಕ್ಕೆ ದಾರಿ ಇದೆ. ಹೆಗಲಿಗೆ ಹಾಕಿದ ಚಿತ್ರಗಳಂಥವಕ್ಕೆ ಹತ್ತಿಪ್ಪತ್ತು ಸಣ್ಣ ಪ್ರೂಫ್ ಕಳಿಸಿ, 4 ಆರಿಸಿಕೊಳ್ಳಿ ಅನ್ನಬೇಕು. ಬಿಳಿ ಹಿನ್ನೆಲೆಯ ಮುಂದೆ-ಹಿಂದೆ ಚಿತ್ರಕ್ಕೆ ಆಯ್ಕೆ ಬೇಡ, ಅಲ್ಲಿ ಆರಿಸೋಕೆ ಏನೂ ಇರಲ್ಲ. "ರಾ ಫೈಲ್, ಬಿಟ್ಟ ಫ್ರೇಮ್ ಸೇರಿಲ್ಲ" ಅಂತ ಒಂದು ಸಾಲು ಹಾಕಿ ಮುಗಿಸಿ.

ರೇಖೆಗೀಟು

ನಾನು ಫೋಟೋದವನಲ್ಲ, ಚಿತ್ರ ಬಿಡಿಸುವವನು. ನನ್ನ ಕೆಲಸದಲ್ಲಿ ಎಣಿಕೆ ತಾಪತ್ರಯ ಕಮ್ಮಿ, ತಿದ್ದುಪಡಿಯೇ ಹೆಣ ಹೊರಿಸೋದು. ಒಂದು ಅಂಗಡಿಗೆ ಪ್ಯಾಕೆಟ್ ಮೇಲಿನ ಚಿತ್ರ ಮಾಡುತ್ತಿದ್ದೆ. "ಎರಡು ಸುತ್ತು" ಅಂತ ಬರೆದಿದ್ದೆ. ಬೆಳಗ್ಗೆ ಯಜಮಾನರು ಎಲೆ ದೊಡ್ಡದು ಮಾಡಿ ಅಂದರು. ಮಧ್ಯಾಹ್ನ ಅವರ ಮಗ ಎಲೆಯೇ ಬೇಡ ಅಂದ. ರಾತ್ರಿ ಪಾಲುದಾರರು ಹೂವು ಹಾಕಿ ಅಂದರು. ಇದು ಒಂದು ಸುತ್ತಾ, ಮೂರು ಸುತ್ತಾ? ಅವರ ಪ್ರಕಾರ ಇನ್ನೂ ಮೊದಲನೇ ಸುತ್ತೇ ಮುಗಿದಿರಲಿಲ್ಲ. ಈಗ ನಾನು ಸ್ಕೆಚ್ ಹಂತದಲ್ಲಿ ಎರಡು, ಬಣ್ಣ ಹಾಕಿದ ಮೇಲೆ ಒಂದು ಅಂತ ಬೇರೆ ಬೇರೆ ಬರೆಯುತ್ತೇನೆ. ನಿಮಗೂ ಹಾಗೇ ಮಾಡಬಹುದೇನೋ.

ಹಳೇ_ಸ್ಟುಡಿಯೋ

ಮಾಡಬಹುದು. ಫೋಟೋದಲ್ಲಿ ಸ್ಕೆಚ್ ಬದಲು ಮಾದರಿ ಚಿತ್ರ. 88 ಚಿತ್ರ ಪೂರ್ತಿ ಮುಗಿಸಿ ತೋರಿಸಿದ ಮೇಲೆ "ನೆರಳು ಬೇಡವಾಗಿತ್ತು" ಅಂದರೆ 88ರಲ್ಲೂ ನೆರಳು ತೆಗೆಯಬೇಕು. ಸುತ್ತಿನ ಲೆಕ್ಕದಲ್ಲಿ ಅದು ಒಂದೇ ಸುತ್ತು, ಕೆಲಸದಲ್ಲಿ ಎರಡು ದಿನ.

ಅದಕ್ಕೇ ಮೊದಲು ಮೂರು ಬ್ಯಾಗ್ ಮಾತ್ರ ಮುಗಿಸಿ ತೋರಿಸಿ. ಸುಲಭದ್ದು ಆರಿಸಬೇಡಿ, ಕಷ್ಟದ್ದನ್ನೇ ಆರಿಸಿ. ಒಂದು ಬಿಳಿ ಬ್ಯಾಗು, ಯಾಕಂದ್ರೆ ಬಿಳಿ ಹಿನ್ನೆಲೆಯಲ್ಲಿ ಅದರ ಅಂಚು ಕರಗಿಹೋಗುತ್ತೆ. ಒಂದು ಕಪ್ಪು ಬ್ಯಾಗು, ಹೊಲಿಗೆ ಕಾಣುವಷ್ಟು ಬೆಳಕು ಕೊಟ್ಟರೆ ಬೂದು ಆಗಿಬಿಡುತ್ತೆ. ಒಂದು ದೊಡ್ಡ ಬಕಲ್ ಇರೋದು, ಲೋಹದಲ್ಲಿ ಕೋಣೆಯೆಲ್ಲಾ ಕಾಣುತ್ತೆ. ಈ ಮೂರರಲ್ಲಿ ಹಿನ್ನೆಲೆ, ನೆರಳು, ಸುತ್ತಲಿನ ಜಾಗ, ಹೊಳಪು ಒಪ್ಪಿಗೆ ಆದರೆ ಉಳಿದದ್ದಕ್ಕೆ ಅದೇ ಅಳತೆಗೋಲು. ಆಮೇಲೆ ಶೈಲಿ ಬದಲಾಯಿಸಿ ಅಂದರೆ ಹೊಸ ಲೆಕ್ಕ.

ಇನ್ನು ತಿದ್ದುಪಡಿ ಅಂತ ಬರೋದೆಲ್ಲಾ ಒಂದೇ ಜಾತಿಯಲ್ಲ. ಚರ್ಮದ ಮೇಲೆ ಧೂಳು ಉಳಿದಿದೆ, ಫೈಲ್ ಅಳತೆ ತಪ್ಪಿದೆ, ಕೆಂಪು ಬ್ಯಾಗು ಕಿತ್ತಳೆ ಕಾಣ್ತಿದೆ, ಇದು ಪತ್ರದಲ್ಲಿ ಹೇಳಿದ್ದನ್ನು ನೀವು ಕೊಟ್ಟಿಲ್ಲ ಅನ್ನೋದು. ಇದನ್ನು ಸುತ್ತಿಗೆ ಎಣಿಸಬಾರದು, ಹತ್ತು ಸಲವಾದರೂ ಸರಿಮಾಡಿ. ಸ್ವಲ್ಪ ಬೆಳಕು ಜಾಸ್ತಿ, ನೆರಳು ಕಮ್ಮಿ ಅನ್ನೋದು ಅವರ ಇಷ್ಟ, ಇದು ಸುತ್ತಿಗೆ ಬರುತ್ತೆ. ಪಕ್ಕದಿಂದ ಒಂದು ತೆಗೀರಿ, ಹಿಡಿ ಬದಲಾಗಿದೆ ಮತ್ತೆ ತೆಗೀರಿ ಅನ್ನೋದು ಹೊಸ ಚಿತ್ರ. ಅನುಮಾನ ಬಂದಾಗ ನಾನು ನೋಡೋದು ಇಷ್ಟೇ: ಈಗ ತೆಗೆದಿರುವ ಫ್ರೇಮಿನಿಂದಲೇ ಇದು ಆಗುತ್ತಾ? ಆದರೆ ತಿದ್ದುಪಡಿ. ಬ್ಯಾಗನ್ನು ಮತ್ತೆ ಮೇಜಿನ ಮೇಲೆ ಇಡಬೇಕಾ? ಹಾಗಿದ್ದರೆ ಹೊಸದು. ತಪ್ಪು ನಿಮ್ಮದೇ ಆಗಿದ್ದರೆ ಬೇರೆ ಮಾತು, ಆಗ ನಿಮ್ಮ ಖರ್ಚಲ್ಲೇ ಮತ್ತೆ ತೆಗೀಬೇಕು.

ಅಂಗಡಿ_ಯಜಮಾನಿ

ಬಣ್ಣದ ವಿಷಯದಲ್ಲಿ ನನಗೆ ಅನುಭವ ಇದೆ. ನನ್ನ ಫೋನಿನಲ್ಲಿ ನೋಡಿದರೆ ಗುಲಾಬಿ, ತೆಗೆದವರ ಕಂಪ್ಯೂಟರಿನಲ್ಲಿ ನೋಡಿದರೆ ನೇರಳೆ. ಯಾರದ್ದು ಸರಿ ಅಂತ ಎರಡು ವಾರ ಮಾತುಕತೆ. ಕೊನೆಗೆ ನೋಡಿದರೆ ನನ್ನ ಫೋನಿನಲ್ಲಿ ರಾತ್ರಿ ಕಣ್ಣಿಗೆ ಹಿತ ಅಂತ ಹಳದಿ ಮಾಡುವ ಸೆಟ್ಟಿಂಗ್ ಆನ್ ಇತ್ತು. ಆದರೆ ಒಂದು ಫ್ರಾಕ್ ಮಾತ್ರ ಅದನ್ನು ಆಫ್ ಮಾಡಿದ ಮೇಲೂ ತಪ್ಪಾಗಿಯೇ ಇತ್ತು. ಅಷ್ಟು ಹೊತ್ತಿಗೆ ಆ ಫ್ರಾಕ್ ಮಾರಿಹೋಗಿತ್ತು.

ಹಳೇ_ಸ್ಟುಡಿಯೋ

ಎರಡೂ ಆಗುತ್ತೆ. ಕೆಲವು ಬಣ್ಣ ಹಾಕಿದ ಬಟ್ಟೆಗಳನ್ನು ಕ್ಯಾಮೆರಾ ನಮ್ಮ ಕಣ್ಣಿನ ಹಾಗೆ ನೋಡಲ್ಲ. ಕಪ್ಪು ಸಿಂಥೆಟಿಕ್ ಬಟ್ಟೆ ಕೆಲವೊಮ್ಮೆ ಕಂದು-ಕೆಂಪು ಹೊಡೆಯುತ್ತೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕೂ ಸೆನ್ಸರಿಗೆ ಒಂದಿಷ್ಟು ತಲುಪುತ್ತೆ. ನೇರಳೆಯೂ ಹಾಗೇ ತಂಟೆ. ಗ್ರೇ ಕಾರ್ಡ್ ಇಟ್ಟು ತೆಗೆದರೂ ಇದು ಪೂರ್ತಿ ಸರಿಹೋಗಲ್ಲ. ಆ ಒಂದು ಬಣ್ಣವನ್ನೇ ಹಿಡಿದು, ಸಾಮಾನು ಪಕ್ಕದಲ್ಲಿಟ್ಟುಕೊಂಡು, ಕೈಯಿಂದ ತಿದ್ದಬೇಕು.

ಹಾಗಾಗಿ ಪತ್ರದಲ್ಲಿ ಎರಡು ಸಾಲು ಹಾಕಿ. ಬಣ್ಣ ಸರಿಯಿದೆಯಾ ಅನ್ನೋದಕ್ಕೆ ಪ್ರಮಾಣ ಹಗಲು ಬೆಳಕಿನಲ್ಲಿಟ್ಟ ಬ್ಯಾಗು, ಯಾರ ಸ್ಕ್ರೀನೂ ಅಲ್ಲ. ಕೊನೆಯ ಒಪ್ಪಿಗೆ ಬರುವ ತನಕ ಬಣ್ಣದ ಬ್ಯಾಗುಗಳಲ್ಲಿ ಒಂದೊಂದು ನಿಮ್ಮ ಹತ್ತಿರವೇ ಇರಲಿ. ಬ್ಯಾಗು ವಾಪಸ್ ಹೋಗಿ ಮಾರಾಟ ಆದ ಮೇಲೆ ಆ ಜಗಳ ಬಗೆಹರಿಸೋಕೆ ಯಾರಿಂದಲೂ ಆಗಲ್ಲ. ಫೈಲುಗಳನ್ನು ಎಸ್‌ಆರ್‌ಜಿಬಿಯಲ್ಲೇ ಕೊಡಿ, ಇಲ್ಲದಿದ್ದರೆ ಕೆಲವು ಆ್ಯಪ್‌ಗಳಲ್ಲಿ ಬಣ್ಣ ಸಪ್ಪೆಯಾಗಿ ಕಾಣುತ್ತೆ.

ಚಿತ್ರಕೆಲಸ

ಒಂದು ಸುತ್ತು ಅಂದರೆ ಏನು ಅಂತ ಹೀಗೆ ಬರೆದಿದ್ದೇನೆ. ನೋಡಿ:

> ಮಾದರಿ ಚಿತ್ರಗಳಿಗೆ ಒಂದು ಸುತ್ತು, ಎಲ್ಲಾ ಚಿತ್ರ ಮುಗಿದ ಮೇಲೆ ಒಂದು ಸುತ್ತು ತಿದ್ದುಪಡಿ ಸೇರಿದೆ. ಅಂಗಡಿಯಲ್ಲಿ ಎಲ್ಲರೂ ನೋಡಿದ ಮೇಲೆ, ಬೇಕಾದ ಬದಲಾವಣೆಗಳನ್ನೆಲ್ಲಾ ಒಂದೇ ಪಟ್ಟಿಯಲ್ಲಿ, ಫೈಲ್ ಹೆಸರಿನ ಜೊತೆ, ನೀವೊಬ್ಬರೇ ಕಳಿಸಬೇಕು. ಆ ಪಟ್ಟಿ ಒಂದು ಸುತ್ತು. ನನ್ನ ಕಡೆಯ ತಪ್ಪು ಯಾವ ಸುತ್ತಿಗೂ ಸೇರುವುದಿಲ್ಲ.

ಫೈಲ್ ಹೆಸರು `B07-red-front.jpg` ಹೀಗೆ ಇಡ್ತೀನಿ. ಏಳನೇ ಡಿಸೈನ್, ಕೆಂಪು, ಮುಂದೆ. ಪತ್ರದ ಜೊತೆಗೇ 88 ಹೆಸರಿನ ಪಟ್ಟಿ ಲಗತ್ತಿಸಿದರೆ ಎಣಿಕೆಯ ಗೊಂದಲವೂ ಹೋಗುತ್ತೆ ಅಂತ ಅನಿಸಿತು.

ಹಳೇ_ಸ್ಟುಡಿಯೋ

ಬಹಳ ಒಳ್ಳೆಯ ಉಪಾಯ. ಶೂಟಿನ ದಿನ ಅದೇ ಪಟ್ಟಿ ನಿಮ್ಮ ಟಿಕ್ ಲಿಸ್ಟೂ ಆಗುತ್ತೆ. ಪಟ್ಟಿಯಲ್ಲಿಲ್ಲದ ಬ್ಯಾಗ್ ಆ ದಿನ ಪ್ರತ್ಯಕ್ಷ ಆದರೆ (ಆಗೇ ಆಗುತ್ತೆ, "ಇದೊಂದು ಹೇಗಿದ್ದರೂ ಬಂದಿದ್ದೀರಲ್ಲ" ಅಂತ) ಹೆಚ್ಚುವರಿ ಚಿತ್ರಕ್ಕೆ ಇಷ್ಟು ಅಂತ ಬಿಡಿ ದರ ಪತ್ರದಲ್ಲೇ ಇರಲಿ. ಆಗ ಮುಖ ಮುರಿಯದೆ ತೆಗೆದುಕೊಡಬಹುದು.

ರೇಖೆಗೀಟು

ಏಳು ದಿನದಲ್ಲಿ ಪಟ್ಟಿ ಬರದಿದ್ದರೆ ಒಪ್ಪಿಗೆ ಅಂತ ತಿಳಿಯಲಾಗುವುದು ಅಂತಲೂ ಹಾಕಿ. ಇಲ್ಲದಿದ್ದರೆ ಮೂರು ತಿಂಗಳಾದ ಮೇಲೆ ಬರ್ತಾರೆ.

ಅಂಗಡಿ_ಯಜಮಾನಿ

ಅಯ್ಯೋ, ಇದು ನನಗೆ ಒಪ್ಪಿಗೆ ಇಲ್ಲ. ಸೀಸನ್ ಟೈಮಲ್ಲಿ ನಮಗೆ ಊಟಕ್ಕೂ ಪುರುಸೊತ್ತಿರಲ್ಲ. ಏಳು ದಿನ ಕಳೀತು, ನೀವು ಒಪ್ಪಿದ ಹಾಗೇ ಅಂದರೆ ನಾನಂತೂ ಆ ಪತ್ರಕ್ಕೆ ಸಹಿ ಹಾಕಲ್ಲ.

ರೇಖೆಗೀಟು

ಸರಿ ಅಕ್ಕಾ, ಆದರೆ ನನ್ನ ಬಾಕಿ ದುಡ್ಡು ಕೊನೆಯ ಒಪ್ಪಿಗೆಗೆ ಕಟ್ಟಿಹಾಕಿಕೊಂಡಿದೆಯಲ್ಲ? ನಿಮ್ಮ ಸೀಸನ್ ಮುಗಿಯುವ ತನಕ ನಾನು ಕಾಯಬೇಕಾ?

ಹಳೇ_ಸ್ಟುಡಿಯೋ

ಎರಡನ್ನೂ ಬಿಡಿಸಿ ಕಟ್ಟಿ. ಬಾಕಿ ಹಣಕ್ಕೆ ಒಪ್ಪಿಗೆಯ ಜೊತೆ ಗಂಟು ಬೇಡ, ಮೊದಲ ಪೂರ್ತಿ ಸೆಟ್ ತೋರಿಸಿದ ದಿನದಿಂದ ಇಷ್ಟು ದಿನದೊಳಗೆ ಅಂತ ಇರಲಿ. ತಿದ್ದುಪಡಿಯ ಸುತ್ತು 30 ದಿನ ತೆರೆದಿರಲಿ. ನಾನು ಹಾಗೆ ಮಾಡ್ತೀನಿ. ಎಲ್ಲಾ ಅಂಗಡಿಯವರೂ ಒಪ್ಪುತ್ತಾರೆ ಅಂತ ಹೇಳಲಾರೆ. ಕೆಲಸ ಮುಗಿಯೋ ಮೊದಲೇ ಪೂರ್ತಿ ದುಡ್ಡಾ ಅಂತ ಕೇಳುವವರೂ ಇದ್ದಾರೆ.

ನೇರಮಾತು

ಹಕ್ಕಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಅದರಲ್ಲಿ ಮಾತಾಡೋಕೂ ಏನಿಲ್ಲ ಬಿಡಿ. ದುಡ್ಡು ಕೊಟ್ಟವರದ್ದೇ ಫೋಟೋ. ಟೈಲರ್ ಹತ್ತಿರ ಅಂಗಿ ಹೊಲಿಸಿದರೆ ಅಂಗಿ ನಂದೇ ಅಲ್ವಾ? ನಾನು ಅದನ್ನು ಯಾರಿಗೆ ಬೇಕಾದರೂ ಕೊಡ್ತೀನಿ.

ಹಳೇ_ಸ್ಟುಡಿಯೋ

ಅರ್ಧ ಸರಿ. ಕೆಲವು ದೇಶಗಳ ಕಾನೂನಿನಲ್ಲಿ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರಿಗೆ ಹೋಗುತ್ತೆ. ಬೇರೆ ಕೆಲವು ದೇಶಗಳಲ್ಲಿ ಬರೆದುಕೊಡದ ಹೊರತು ತೆಗೆದವರ ಬಳಿಯೇ ಉಳಿಯುತ್ತೆ. ಸಂಬಳಕ್ಕಿರುವವರು ತೆಗೆದದ್ದಕ್ಕೆ ಇನ್ನೊಂದು ನಿಯಮ. ಅದಕ್ಕೇ ಪತ್ರದಲ್ಲಿ ಬರೆಯಬೇಕು ಅನ್ನೋದು. ಬರೆದಿದ್ದರೆ ಕಾನೂನು ಪುಸ್ತಕ ತೆಗೆಯುವ ಪ್ರಸಂಗವೇ ಬರಲ್ಲ.

ಅಂಗಿ ಒಂದೇ ಇರುತ್ತೆ, ಕೊಟ್ಟರೆ ನಿಮ್ಮ ಹತ್ತಿರ ಇರಲ್ಲ. ಫೋಟೋ ಕೊಟ್ಟರೂ ನಿಮ್ಮ ಹತ್ತಿರ ಇರುತ್ತೆ, ಅವರ ಹತ್ತಿರವೂ ಇರುತ್ತೆ. ಈ ಕೇಸಲ್ಲಿ ನಿಜವಾದ ಪ್ರಶ್ನೆ ಯಜಮಾನರು ಕೊನೆಯಲ್ಲಿ ಕೇಳಿದ್ದು: ಹೊಲಿದುಕೊಡುವವರಿಗೆ ಒಂದು ಸೆಟ್. ಆ ತಯಾರಕರು ಅದೇ ಬ್ಯಾಗನ್ನು ಬೇರೆ ಅಂಗಡಿಗಳಿಗೂ ಮಾರ್ತಾರಾ ಅಂತ ಕೇಳಿ. ಮಾರೋದಾದರೆ ಈ ಫೋಟೋ ಆ ಎಲ್ಲಾ ಅಂಗಡಿಗೂ ಹೋಗುತ್ತೆ. ಒಂದು ಅಂಗಡಿ ದುಡ್ಡು ಕೊಟ್ಟಿದೆ, ಉಳಿದವರು ಪುಕ್ಕಟೆ ಹಾಕಿಕೊಳ್ತಾರೆ, ಅದೂ ಕಡಿಮೆ ಬೆಲೆ ಹಾಕಿ ಇವರ ಗಿರಾಕಿಯನ್ನೇ ಎಳೆಯೋಕೆ. ನಷ್ಟ ಮೊದಲು ಆಗೋದು ಯಜಮಾನರಿಗೆ. ಅದನ್ನು ಅವರಿಗೆ ಹೀಗೇ ವಿವರಿಸಿ, "ನನ್ನ ಹಕ್ಕು" ಅಂತ ಶುರು ಮಾಡಬೇಡಿ.

ಚಿತ್ರಕೆಲಸ

ಕೇಳಿದೆ. ಹೌದಂತೆ, 24ರಲ್ಲಿ 15 ಡಿಸೈನ್ ಬೇರೆ ಕಡೆಯೂ ಸಿಗುತ್ತಂತೆ. ಬರೀ 9 ಇವರಿಗೇ ಅಂತ ಮಾಡಿಸಿದ್ದು. ನೀವು ಹೇಳಿದ ಹಾಗೆ ವಿವರಿಸಿದ ಮೇಲೆ ಅವರೇ "ಹಾಗಾದ್ರೆ ಬೇಡ ಬೇಡ" ಅಂದರು. ಆದರೆ ಈಗ ಇನ್ನೊಂದು ತುದಿಗೆ ಹೋಗಿದ್ದಾರೆ, ಬೇರೆ ಯಾರೂ ಎಲ್ಲೂ ಬಳಸಬಾರದು ಅಂತ ನಾನು ಗ್ಯಾರಂಟಿ ಕೊಡಬೇಕಂತೆ.

ಹಳೇ_ಸ್ಟುಡಿಯೋ

ಆ ಗ್ಯಾರಂಟಿ ಕೊಡಬೇಡಿ. "ನಾನು ಬೇರೆ ಯಾರಿಗೂ ಕೊಡುವುದಿಲ್ಲ, ಮಾರುವುದಿಲ್ಲ" ಅಂತ ಬರೆಯಬಹುದು, ಅದು ನಿಮ್ಮ ಕೈಯಲ್ಲಿದೆ. "ಯಾರೂ ಬಳಸುವುದಿಲ್ಲ" ಅನ್ನೋದು ಯಾರ ಕೈಯಲ್ಲೂ ಇಲ್ಲ. ಅವರು ಆನ್‌ಲೈನ್ ಮಾರಾಟ ತಾಣದಲ್ಲಿ ಹಾಕುವಾಗ ಆ ತಾಣದ ಷರತ್ತಿಗೆ ಒಪ್ಪಿಗೆ ಕೊಡ್ತಾರೆ. ಎಷ್ಟೋ ಕಡೆ ಒಂದೇ ಸಾಮಾನು ಮಾರುವ ಎಲ್ಲರೂ ಒಂದೇ ಪುಟ ಹಂಚಿಕೊಳ್ತಾರೆ. ಅಲ್ಲಿ ಇವರ ಫೋಟೋದ ಕೆಳಗೆ ಇನ್ನೊಬ್ಬರ ದರ ಕಾಣಬಹುದು. ಆ 15 ಡಿಸೈನಿಗೆ ಇದು ಆಗೋ ಸಾಧ್ಯತೆ ಜಾಸ್ತಿ. ಮೊದಲೇ ಹೇಳಿಬಿಡಿ.

ಅಂಗಡಿ_ಯಜಮಾನಿ

ನನ್ನ ಹಕ್ಕಿನ ಪತ್ರದಲ್ಲಿ "ಡಿಜಿಟಲ್ ಬಳಕೆಗೆ ಮಾತ್ರ, 2 ವರ್ಷ" ಅಂತ ಇತ್ತು. ಆಗ ಓದಿ ಸಹಿ ಹಾಕಿದ್ದೆ, ಸರಿ. ಆದರೆ ಅಂಗಡಿಯ ಬಾಗಿಲಿಗೆ ಒಂದು ಪೋಸ್ಟರ್ ಹಾಕೋಕೂ ಮತ್ತೆ ಕೇಳಬೇಕಾ? ಎರಡು ವರ್ಷ ಆದ ಮೇಲೆ ಹಳೇ ಪೋಸ್ಟೆಲ್ಲಾ ಅಳಿಸಬೇಕಾ? ಸಣ್ಣ ಅಂಗಡಿಗೆ ಇದು ಆಗೋ ಮಾತಾ?

ಹಳೇ_ಸ್ಟುಡಿಯೋ

ನನ್ನ ಪ್ರಕಾರ ಬಿಳಿ ಹಿನ್ನೆಲೆಯ ಪ್ರಾಡಕ್ಟ್ ಫೋಟೋಗೆ ಅವಧಿ ಹಾಕೋದು ವ್ಯರ್ಥ. ಡಿಸೈನ್ ನಿಂತುಹೋದರೆ ಫೋಟೋನೂ ನಿಲ್ಲುತ್ತೆ. ವೆಬ್‌ಸೈಟು, ಸೋಶಿಯಲ್ ಮೀಡಿಯಾ, ಮಾರಾಟ ತಾಣ, ಅಂಗಡಿಯೊಳಗಿನ ಪ್ರಿಂಟು, ದುಡ್ಡು ಕೊಟ್ಟು ಹಾಕುವ ಜಾಹೀರಾತು, ಇವೆಲ್ಲ ಆ ಅಂಗಡಿಯ ಹೆಸರಿನಲ್ಲಿ ಎಷ್ಟು ಕಾಲಕ್ಕಾದರೂ ಇರಲಿ. ಆದರೆ ಹೆಗಲಿಗೆ ಬ್ಯಾಗ್ ಹಾಕಿಕೊಂಡ ವ್ಯಕ್ತಿ ಇರುವ 4 ಚಿತ್ರ ಬೇರೆ. ಅವರು ಎಷ್ಟು ಕಾಲಕ್ಕೆ, ಎಲ್ಲೆಲ್ಲಿಗೆ ಅಂತ ಸಹಿ ಹಾಕಿದ್ದಾರೋ ಅದಕ್ಕಿಂತ ಜಾಸ್ತಿ ನೀವು ಅಂಗಡಿಗೆ ಕೊಡೋಕೆ ಆಗಲ್ಲ. ಮುಖ ಬೇಡ, ಹೆಗಲು ಕೈ ಮಾತ್ರ ಸಾಕು ಅಂದರೆ ತೊಂದರೆ ಕಮ್ಮಿ, ಆದರೂ ಒಂದು ಸಹಿ ಇಟ್ಟುಕೊಳ್ಳಿ.

ರೇಖೆಗೀಟು

ನಾನು ಒಪ್ಪಲ್ಲ. ಅವಧಿ ಇದ್ದರೇ ಮತ್ತೆ ಮಾತಾಡೋ ಅವಕಾಶ. ಇವತ್ತಿನ ಸಣ್ಣ ಅಂಗಡಿ ನಾಳೆ ಹತ್ತು ಅಂಗಡಿ ಆಗಬಹುದು. ಸಣ್ಣ ಅಂಗಡಿಯ ದರಕ್ಕೆ ಹತ್ತು ಅಂಗಡಿಯ ಬಳಕೆ ಯಾಕೆ ಕೊಡಬೇಕು? ನನ್ನ ಚಿತ್ರಗಳಿಗೆ ಮೂರು ವರ್ಷ ಹಾಕ್ತೀನಿ, ಅರ್ಧದಷ್ಟು ಜನ ಮತ್ತೆ ಬಂದು ಮುಂದುವರಿಸ್ತಾರೆ.

ಹಳೇ_ಸ್ಟುಡಿಯೋ

ನಿಮ್ಮ ಚಿತ್ರ ಪ್ಯಾಕೆಟ್ ಮೇಲೆ ವರ್ಷಗಟ್ಟಲೆ ಉಳಿಯುತ್ತೆ, ಅಲ್ಲಿ ಅದಕ್ಕೆ ಅರ್ಥ ಇದೆ. ಬ್ಯಾಗಿನ ಫೋಟೋಗೆ ಇಲ್ಲ ಅಂತ ನನ್ನ ಅಭಿಪ್ರಾಯ. ಇಬ್ಬರೂ ನಮ್ಮ ನಮ್ಮ ಪತ್ರ ಬರೆದುಕೊಳ್ಳೋಣ.

ನೇರಮಾತು

ಬಳಕೆ ಹಕ್ಕು ಅಂತ ಇಷ್ಟು ಬರೆದರೂ ದುಡ್ಡೇ ಕೊಡದೆ ವಾಟರ್‌ಮಾರ್ಕ್ ಇರೋ ಪ್ರೂಫನ್ನೇ ಸ್ಕ್ರೀನ್‌ಶಾಟ್ ತೆಗೆದು ಹಾಕುವವರಿದ್ದಾರೆ. ಆಗ ಏನು ಮಾಡ್ತೀರಿ?

ಹಳೇ_ಸ್ಟುಡಿಯೋ

ಅದಕ್ಕೆ ಒಂದೇ ಸಾಲು: ಬಳಕೆಯ ಹಕ್ಕು ಬಾಕಿ ಪೂರ್ತಿ ಬಂದ ದಿನದಿಂದ. ಅದು ಇದ್ದರೆ ನೀವು ಕೇಳುವ ದನಿ ಬೇರೆ ಇರುತ್ತೆ. ಪ್ರೂಫ್ ಸಣ್ಣದಿರಲಿ, 800 ಪಿಕ್ಸೆಲ್ ಸಾಕು. ಕೊನೆಯ ಫೈಲುಗಳ ಒಳಗೆ `Creator`, `Copyright Notice`, `Rights Usage Terms` ಈ ಮೂರು ಜಾಗ ತುಂಬಿಸಿ. ಸೋಶಿಯಲ್ ಮೀಡಿಯಾದಲ್ಲಿ ಹಾಕಿದ ಮೇಲೆ ಅದು ಅಳಿಸಿಹೋಗಬಹುದು, ಆದರೆ ಅಂಗಡಿಯ ಕಂಪ್ಯೂಟರಿನಲ್ಲಿರುವ ಫೈಲಿನಲ್ಲಿ ಇರುತ್ತೆ. ಮುಂದೆ ಅಂಗಡಿಗೆ ಹೊಸಬರು ಬಂದಾಗ ಇದು ಯಾರು ತೆಗೆದದ್ದು, ಏನು ಷರತ್ತು ಅಂತ ಅವರಿಗೆ ತಿಳಿಯೋಕೆ ಅಷ್ಟು ಸಾಕು.

ಚಿತ್ರಕೆಲಸ

ಎಲ್ಲಾ ಸೇರಿಸಿ ಹೀಗೆ ಬರೆದೆ. ಮೊತ್ತ ತೆಗೆದು ಹಾಕ್ತಿದ್ದೀನಿ:

> ನಮಸ್ಕಾರ. ನಾವು ಮಾತಾಡಿದಂತೆ ಕೆಲಸದ ವಿವರ ಕಳಿಸುತ್ತಿದ್ದೇನೆ.
>
> ಚಿತ್ರಗಳು. 24 ಡಿಸೈನ್‌ಗೆ ಒಂದೊಂದು ಬಣ್ಣದಲ್ಲಿ ಮುಂದೆ, ಹಿಂದೆ, ಒಳಗೆ: 72. ಮೂರು ಬಣ್ಣದಲ್ಲಿರುವ 6 ಡಿಸೈನ್‌ಗೆ ಉಳಿದ ಎರಡೆರಡು ಬಣ್ಣ, ಮುಂದಿನದ್ದು ಮಾತ್ರ: 12. ಹೆಗಲಿಗೆ ಹಾಕಿದಂತೆ: 4, ಪ್ರೂಫ್ ನೋಡಿ ನೀವೇ ಆರಿಸುವುದು. ಒಟ್ಟು 88 ಚಿತ್ರ. ಪ್ರತಿಯೊಂದೂ ಚೌಕ ಮತ್ತು 4:5 ಆಕಾರದಲ್ಲಿ, ಒಟ್ಟು 176 ಫೈಲ್, ಉದ್ದನೆಯ ಬದಿ 2000 ಪಿಕ್ಸೆಲ್. ನೀವು ಹೇಳುವ 5 ಚಿತ್ರ ಪ್ರಿಂಟಿಗಾಗಿ ಪೂರ್ತಿ ಅಳತೆಯಲ್ಲೂ ಕೊಡುತ್ತೇನೆ. ಪಟ್ಟಿ ಲಗತ್ತಿಸಿದೆ. ರಾ ಫೈಲ್, ಬಿಟ್ಟ ಫ್ರೇಮ್ ಸೇರಿಲ್ಲ. ಪಟ್ಟಿಯ ಹೊರಗಿನ ಚಿತ್ರಕ್ಕೆ ಬಿಡಿ ದರ ಕೆಳಗಿದೆ.
>
> ತಿದ್ದುಪಡಿ. ಮೊದಲು 3 ಬ್ಯಾಗಿನ ಮಾದರಿ ತೋರಿಸುತ್ತೇನೆ. ಹಿನ್ನೆಲೆ, ನೆರಳು, ಹೊಳಪು ಅಲ್ಲಿಯೇ ತೀರ್ಮಾನ ಮಾಡೋಣ, ಒಂದು ಸುತ್ತು ತಿದ್ದುಪಡಿ ಸೇರಿದೆ. ಎಲ್ಲಾ ಮುಗಿದ ಮೇಲೆ ಇನ್ನೊಂದು ಸುತ್ತು, ತೋರಿಸಿದ ದಿನದಿಂದ 30 ದಿನದೊಳಗೆ. ಬದಲಾವಣೆಗಳನ್ನು ಒಂದೇ ಪಟ್ಟಿಯಲ್ಲಿ ನೀವೊಬ್ಬರೇ ಕಳಿಸಿ. ನನ್ನ ತಪ್ಪು ಸುತ್ತಿಗೆ ಸೇರುವುದಿಲ್ಲ. ಬಣ್ಣವನ್ನು ಹಗಲು ಬೆಳಕಿನಲ್ಲಿ ಬ್ಯಾಗಿನ ಜೊತೆ ಹೋಲಿಸಿ ನೋಡೋಣ. ಅದಕ್ಕಾಗಿ ಬಣ್ಣದ ಬ್ಯಾಗುಗಳು ಒಪ್ಪಿಗೆ ಆಗುವ ತನಕ ನನ್ನ ಬಳಿ ಇರಲಿ.
>
> ಬಳಕೆ. ಬಾಕಿ ಹಣ ಬಂದ ದಿನದಿಂದ ನಿಮ್ಮ ವೆಬ್‌ಸೈಟ್, ಸೋಶಿಯಲ್ ಮೀಡಿಯಾ, ಮಾರಾಟ ತಾಣ, ಜಾಹೀರಾತು, ಅಂಗಡಿಯ ಪ್ರಿಂಟ್ ಎಲ್ಲಕ್ಕೂ ಬಳಸಬಹುದು, ಅವಧಿಯ ಮಿತಿ ಇಲ್ಲ. ಹೆಗಲಿಗೆ ಹಾಕಿದ 4 ಚಿತ್ರಕ್ಕೆ ಮಾತ್ರ 3 ವರ್ಷ. ಫೋಟೋಗಳ ಮೂಲ ಹಕ್ಕು ನನ್ನ ಬಳಿ ಇರುತ್ತದೆ, ಆದರೆ ಇವನ್ನು ನಾನು ಬೇರೆ ಯಾರಿಗೂ ಮಾರುವುದಿಲ್ಲ. ನೀವೂ ತಯಾರಕರಿಗೆ, ಬೇರೆ ಅಂಗಡಿಗಳಿಗೆ ಕೊಡುವಂತಿಲ್ಲ. ಅವರಿಗೆ ಬೇಕಾದರೆ ನನ್ನನ್ನೇ ಕೇಳಲಿ, ನಿಮ್ಮ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲ. ನನ್ನ ಕೆಲಸದ ಮಾದರಿಯಾಗಿ ತೋರಿಸಬಹುದು ಅಂದುಕೊಂಡಿದ್ದೇನೆ, ಹೊಸ ಡಿಸೈನ್‌ಗಳನ್ನು ನೀವು ಮಾರಾಟಕ್ಕೆ ಬಿಟ್ಟ ಮೇಲೆ.

ಪತ್ರ ಸ್ವಲ್ಪ ಉದ್ದ ಆಯ್ತು. ಇದಕ್ಕಿಂತ ಕಡಿಮೆ ಮಾಡೋಕೆ ಗೊತ್ತಾಗಲಿಲ್ಲ.

ಅಂಗಡಿ_ಯಜಮಾನಿ

ಉದ್ದ ಆದರೂ ಓದಿಸಿಕೊಂಡು ಹೋಗುತ್ತೆ. ನನಗೆ ಬಂದಿದ್ದರೆ ಒಂದೇ ಒಂದು ಕೇಳ್ತಿದ್ದೆ. ಬ್ಯಾಗುಗಳು ನಿಮ್ಮ ಹತ್ತಿರ ಎಷ್ಟು ದಿನ ಇರುತ್ತವೆ? 30 ದಿನ ಸ್ಟಾಕ್ ಹೊರಗಿದ್ದರೆ ನಮಗೆ ಮಾರಾಟ ನಷ್ಟ. ಹಾಳಾದರೆ ಯಾರ ಹೊಣೆ?

ಹಳೇ_ಸ್ಟುಡಿಯೋ

ಹೌದಲ್ಲ. ಬಣ್ಣದ ಸುತ್ತು ಮಾತ್ರ ಬೇಗ ಮುಗಿಸಿ, ಏಳೆಂಟು ದಿನದಲ್ಲಿ ಅಂಗಡಿಗೇ ಹೋಗಿ ಕೂತು ನೋಡಿದರೆ ಇನ್ನೂ ಒಳ್ಳೆಯದು. ಬ್ಯಾಗು ಕೊಡುವಾಗಲೇ ಎಷ್ಟು, ಯಾವ ಸ್ಥಿತಿಯಲ್ಲಿ ಅಂತ ಒಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿ. ಮತ್ತೆ "ಅಂದುಕೊಂಡಿದ್ದೇನೆ" ಅನ್ನೋದನ್ನು ಪತ್ರದಿಂದ ತೆಗೀರಿ ಮೇಡಂ. ತೋರಿಸಬಹುದಾ ಅಂತ ಅವರನ್ನು ಕೇಳಿ, ಹೌದು ಅಂದರೆ ಹೌದು ಅಂತ ಬರೆಯಿರಿ. ಈ ಕೊಟೇಶನ್ ಯಾವ ದಿನದವರೆಗೆ ಅಂತಲೂ ಇಲ್ಲ, ಹಾಕಿ.

ಚಿತ್ರಕೆಲಸ

ಎರಡೂ ಸೇರಿಸ್ತೀನಿ. ಅಂಗಡಿಗೇ ಹೋಗಿ ನೋಡೋದು ಸುಲಭ, ಆದರೆ ಅವರಲ್ಲಿ ಎಲ್ಲಾ ಹಳದಿ ಬಲ್ಬು. ಬ್ಯಾಗನ್ನು ಹೊರಗೆ ಬಾಗಿಲ ಹತ್ತಿರ ತಂದು ನೋಡಬೇಕಾಗುತ್ತೆ. ನಾಳೆ ಪತ್ರ ಕಳಿಸಿ ಏನಂದರು ಅಂತ ಇಲ್ಲೇ ಬರೀತೀನಿ.